ಕೂಲಿಯ ಸಮೀಕರಣದಲ್ಲಿ ಲಾಗ್ ಯಾವ ಕಡೆ ಇದೆ?

ದಿನಗೂಲಿ 400 ರೂಪಾಯಿಯಿಂದ 500ಕ್ಕೆ ಏರಿದರೆ ಅದು ಶೇ 25ರ ಏರಿಕೆ. ಅದೇ ಕೂಲಿ ಮತ್ತೆ 400ಕ್ಕೆ ಇಳಿದರೆ ಇಳಿಕೆ ಶೇ 20. ಎರಡೂ ಸಲ ಬದಲಾದದ್ದು ನೂರೇ ರೂಪಾಯಿ. ಬೇರೆಯಾದದ್ದು ಭಾಗಿಸಿದ ಸಂಖ್ಯೆ ಮಾತ್ರ. ಹೀಗಾಗಿ ಶೇಕಡಾ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ‘ಯಾವುದರ ಶೇಕಡಾ?’ ಎಂದು ಕೇಳಿಕೊಳ್ಳಬೇಕು. ಲಾಗ್‌ನಲ್ಲಿ ಈ ಏರುಪೇರು ಇಲ್ಲ: 500ರ ಲಾಗ್‌ನಿಂದ 400ರ ಲಾಗ್ ಕಳೆದರೆ 0.223 ಸಿಗುತ್ತದೆ, ಹಿಂದಕ್ಕೆ ಬಂದರೆ ಅದೇ 0.223 ಋಣವಾಗಿ ಸಿಗುತ್ತದೆ. ಆದರೆ ಈ 0.223 ಶೇ 25ಕ್ಕೂ ಸಮವಲ್ಲ, ಶೇ 20ಕ್ಕೂ ಸಮವಲ್ಲ. ರಿಗ್ರೆಷನ್ ಗುಣಾಂಕಗಳನ್ನು ಓದುವಾಗ ಆಗುವ ಬಹುಪಾಲು ತಪ್ಪುಗಳ ಬೇರು ಇಲ್ಲಿದೆ.

ಮೊದಲ ಹೆಜ್ಜೆ, ಲಾಗ್ ಸಮೀಕರಣದ ಯಾವ ಬದಿಯಲ್ಲಿದೆ ಎಂದು ನೋಡುವುದು. ಲೆಕ್ಕಕ್ಕಾಗಿ ಒಂದು ಸಮೀಕರಣವನ್ನು ಕಲ್ಪಿಸಿಕೊಳ್ಳೋಣ. ದಿನಗೂಲಿ ರೂಪಾಯಿಗಳಲ್ಲಿದೆ, ಅನುಭವ ವರ್ಷಗಳಲ್ಲಿದೆ:

```
wage = 400 + 120 log(exper)
```

ಲಾಗ್ ಬಲಗಡೆ ಮಾತ್ರ ಇರುವುದರಿಂದ ಉತ್ತರ ರೂಪಾಯಿಯಲ್ಲೇ ಬರುತ್ತದೆ. 120ನ್ನು ನೂರರಿಂದ ಭಾಗಿಸಿ: ಅನುಭವ ಶೇ 1ರಷ್ಟು ಹೆಚ್ಚಿದರೆ ಕೂಲಿ ಸುಮಾರು 1 ರೂಪಾಯಿ 20 ಪೈಸೆ ಹೆಚ್ಚುತ್ತದೆ. ‘ಒಂದು ವರ್ಷಕ್ಕೆ 120 ರೂಪಾಯಿ’ ಎಂದು ಓದುವುದೂ ತಪ್ಪು, ‘ಶೇ 120’ ಎಂದು ಓದುವುದೂ ತಪ್ಪು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೆಲಸಕ್ಕೆ ಸೇರಿ ಒಂದು ವರ್ಷವಾದವನಿಗೆ ಅನುಭವದ ಶೇ 1 ಎಂದರೆ ಮೂರೂವರೆ ದಿನ. ಹತ್ತು ವರ್ಷ ದುಡಿದವನಿಗೆ ಅದೇ ಶೇ 1 ಎಂದರೆ ಮೂವತ್ತಾರು ದಿನ. ಇಬ್ಬರಿಗೂ ಸಿಗುವುದು ಅದೇ 1 ರೂಪಾಯಿ 20 ಪೈಸೆ. ಒಂದರಿಂದ ಎರಡನೇ ವರ್ಷಕ್ಕೆ ಕೂಲಿ 83 ರೂಪಾಯಿ ಏರುತ್ತದೆ. ಮತ್ತೆ ಅಷ್ಟೇ ಏರಬೇಕಾದರೆ ಹತ್ತು ವರ್ಷದ ಅನುಭವಿ ಇನ್ನೂ ಹತ್ತು ವರ್ಷ ಕಾಯಬೇಕು. ಕಲಿಕೆಯ ಲಾಭ ಮೊದಮೊದಲು ಹೆಚ್ಚು, ಆಮೇಲೆ ಕಡಿಮೆ ಎಂದು ನಂಬಲು ಕಾರಣವಿದ್ದಾಗ ಮಾತ್ರ ಈ ರೂಪ ಹೊಂದುತ್ತದೆ.

ಇನ್ನು ಎರಡೂ ಬದಿಯಲ್ಲಿ ಲಾಗ್ ಇರುವ ರೂಪ. ಅಮೆರಿಕದ 209 ಕಂಪನಿಗಳ ಮುಖ್ಯ ಕಾರ್ಯನಿರ್ವಾಹಕರ 1990ರ ಸಂಬಳವನ್ನು ಕಂಪನಿಯ ಮಾರಾಟದೊಂದಿಗೆ ಹೋಲಿಸುವ ಈ ಲೆಕ್ಕ ಅರ್ಥಶಾಸ್ತ್ರದ ತರಗತಿಗಳಲ್ಲಿ ಬಹಳ ಬಳಕೆಯಲ್ಲಿದೆ:

```
log(salary) = 4.822 + 0.257 log(sales)
```

ಇಲ್ಲಿ ನೂರರಿಂದ ಭಾಗಿಸುವ ಕೆಲಸವಿಲ್ಲ. ಮಾರಾಟ ಶೇ 1 ಹೆಚ್ಚಿರುವ ಕಂಪನಿಯಲ್ಲಿ ಸಂಬಳ ಸುಮಾರು ಶೇ 0.257 ಹೆಚ್ಚು. ಇದೇ ಸ್ಥಿತಿಸ್ಥಾಪಕತ್ವ. ಸಂಬಳವನ್ನು ಡಾಲರ್‌ನಲ್ಲಿ ಬರೆದರೂ ಸಾವಿರ ಡಾಲರ್‌ನಲ್ಲಿ ಬರೆದರೂ 0.257 ಕದಲುವುದಿಲ್ಲ, ಸ್ಥಿರಾಂಕ ಮಾತ್ರ ಬದಲಾಗುತ್ತದೆ. ಈ ಸಂಖ್ಯೆ ಸಣ್ಣ ಕಂಪನಿಯನ್ನೂ ದೊಡ್ಡದನ್ನೂ ಹೋಲಿಸಿ ಬಂದದ್ದು. ಒಂದೇ ಕಂಪನಿ ಬೆಳೆದಾಗ ಅದರ ಮುಖ್ಯಸ್ಥರ ಸಂಬಳ ಹೀಗೇ ಏರುತ್ತದೆ ಎಂದು ಅದು ಹೇಳುವುದಿಲ್ಲ.

ಮಾರಾಟ ಎರಡರಷ್ಟಾದರೆ? ಅದು ಶೇ 100 ಹೆಚ್ಚಳ, ಹಾಗಾಗಿ ಸಂಬಳ ಶೇ 25.7 ಹೆಚ್ಚು ಎಂದು ಅನೇಕರು ಬರೆದುಬಿಡುತ್ತಾರೆ. ನಿಜವಾದ ಲೆಕ್ಕ ಹೀಗೆ:

```
100 * (2^0.257 - 1) = 19.5
```

ಶೇ 10ರ ಹೆಚ್ಚಳಕ್ಕೆ ಸುಲಭ ಓದು 2.57 ಎನ್ನುತ್ತದೆ, ನಿಖರ ಉತ್ತರ 2.48. ಇಷ್ಟು ವ್ಯತ್ಯಾಸವನ್ನು ಸಹಿಸಬಹುದು. ಅದಕ್ಕಿಂತ ದೊಡ್ಡ ಬದಲಾವಣೆಗೆ ಘಾತದ ಲೆಕ್ಕವನ್ನೇ ಮಾಡಿ. 2ರ ಜಾಗದಲ್ಲಿ ಮಾರಾಟ ಎಷ್ಟು ಪಟ್ಟಾಯಿತೋ ಆ ಸಂಖ್ಯೆ ಹಾಕಿದರೆ ಸಾಕು.

ವಿದ್ಯಾರ್ಥಿಗಳ ಪ್ರಬಂಧಗಳನ್ನು ಓದುವಾಗ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ತಪ್ಪು. ಮೇಲಿನ ಎಲ್ಲ ಓದೂ ಸ್ವಾಭಾವಿಕ ಲಾಗ್‌ಗೆ ಸೇರಿದ್ದು. ಎಕ್ಸೆಲ್‌ನಲ್ಲಿ `LOG` ಎಂದರೆ ಹತ್ತರ ಆಧಾರದ ಲಾಗ್, ನಮಗೆ ಬೇಕಾದದ್ದು `LN`. `R`ನಲ್ಲಿ `log` ಎಂದರೇ ಸ್ವಾಭಾವಿಕ ಲಾಗ್. ಎರಡೂ ಬದಿಯಲ್ಲಿ ಒಂದೇ ಆಧಾರವಿದ್ದರೆ ಗುಣಾಂಕಕ್ಕೆ ತೊಂದರೆಯಿಲ್ಲ. ಬಲಗಡೆ ಮಾತ್ರ ಲಾಗ್ ಇದ್ದು ಅದು ಹತ್ತರ ಆಧಾರದ್ದಾಗಿದ್ದರೆ 120 ಬರಬೇಕಾದ ಕಡೆ 276 ಬರುತ್ತದೆ, ಶೇ 1ಕ್ಕೆ 1 ರೂಪಾಯಿ 20 ಪೈಸೆಯ ಬದಲು 2 ರೂಪಾಯಿ 76 ಪೈಸೆ ಎಂದು ಓದುತ್ತೇವೆ. ಅನುಮಾನ ಬಂದರೆ 10ರ ಲಾಗ್ ಕೇಳಿ ನೋಡಿ: 2.303 ಬಂದರೆ ಸರಿ, 1 ಬಂದರೆ ಆಧಾರ ಬೇರೆ.

ಸೊನ್ನೆಗೆ ಲಾಗ್ ಇಲ್ಲ ಎಂಬುದೂ ನೆನಪಿರಲಿ. ಹೊಸದಾಗಿ ಸೇರಿದವರ ಅನುಭವ ಸೊನ್ನೆ ಎಂದು ದಾಖಲಾಗಿದ್ದರೆ ಕೆಲವು ತಂತ್ರಾಂಶಗಳು ಅವರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಫಲಿತಾಂಶದಲ್ಲಿ ತೋರಿಸಿದ ಜನರ ಸಂಖ್ಯೆಯನ್ನು ಮೂಲ ಪಟ್ಟಿಯೊಂದಿಗೆ ತಾಳೆ ನೋಡಿದರೆ ಇದು ಗೊತ್ತಾಗುತ್ತದೆ. ಇದನ್ನು ತಪ್ಪಿಸಲು ಎಲ್ಲರ ಅನುಭವಕ್ಕೂ ಒಂದು ವರ್ಷ ಕೂಡಿಸಿ ಲಾಗ್ ತೆಗೆಯುವ ರೂಢಿಯಿದೆ. ಆಗ ಶೇ 1 ಎಂಬುದು ಅನುಭವದ ಶೇ 1 ಆಗಿ ಉಳಿಯುವುದಿಲ್ಲ, ಅನುಭವಕ್ಕೆ ಒಂದು ಸೇರಿಸಿದ ಮೊತ್ತದ ಶೇ 1 ಆಗುತ್ತದೆ. ಹತ್ತು ವರ್ಷದವರಿಗೆ ಆ ಅಂತರ ಅಲ್ಪ. ಒಂದು ವರ್ಷದವರಿಗೆ ಮೂರೂವರೆ ದಿನದ ಜಾಗದಲ್ಲಿ ಏಳು ದಿನ.