ಅಪ್ಪನ ಹಳೇ ರೆಸ್ಯೂಮೆ ತಿದ್ದುವಾಗ ಕೇಳಬೇಕಾದ ಪ್ರಶ್ನೆ

ನಿವೃತ್ತರಾದ ಅಪ್ಪನ ರೆಸ್ಯೂಮೆ ತಿದ್ದಲು ಕೂತಾಗ "ಏನು ಸಾಧನೆ ಮಾಡಿದ್ರಿ?" ಅಂತ ಕೇಳಬೇಡಿ. ಒಂದೊಂದು ಹುದ್ದೆ ಹಿಡಿದು, "ನೀವು ಸೇರಿದಾಗ ಅಲ್ಲಿ ಏನು ಸರಿ ಇರಲಿಲ್ಲ, ಬಿಡುವಾಗ ಹೇಗಿತ್ತು?" ಅಂತ ಕೇಳಿ. ಸಾಧನೆ ಅಂದ ಕೂಡಲೇ ಅವರಿಗೆ ಪ್ರಶಸ್ತಿಗಳಷ್ಟೇ ನೆನಪಾಗುತ್ತವೆ, ದಿನಾ ಮಾಡಿದ ಕೆಲಸವನ್ನು ಲೆಕ್ಕಕ್ಕೇ ಇಡುವುದಿಲ್ಲ. ನಮ್ಮಪ್ಪನ ರೆಸ್ಯೂಮೆಯಲ್ಲಿ "ಸ್ಟೋರ್ಸ್ ಉಸ್ತುವಾರಿ" ಅಂತ ಒಂದೇ ಸಾಲಿತ್ತು. ಹೀಗೆ ಕೇಳಿದ ಮೇಲೆ ಗೊತ್ತಾಯಿತು: ಮೊದಲು ಒಂದು ಬಿಡಿಭಾಗ ಹುಡುಕಲು ಅರ್ಧ ದಿನ ಹೋಗುತ್ತಿತ್ತಂತೆ. ಅವರು ಪ್ರತಿ ಕಪಾಟಿಗೂ ನಂಬರ್ ಹಾಕಿ, ಒಂದೊಂದು ವಸ್ತುವಿಗೂ ಕಾರ್ಡ್ ಬರೆದಿಟ್ಟರು. ಆಮೇಲೆ ಕೇಳಿದ ತಕ್ಷಣ ಸಿಗುತ್ತಿತ್ತು. "ಅದೇನು ಸಾಧನೆನೋ, ಕೆಲಸ ಅಲ್ವಾ?" ಅಂದರು. ಈಗ ಆ ಹುದ್ದೆಯ ಕೆಳಗೆ ಅದೇ ಮೊದಲ ಸಾಲು. ಇಸವಿ, ಸಂಖ್ಯೆಗಳನ್ನು ಮಾತ್ರ ನೆನಪಿನಿಂದ ಹಾಕಬೇಡಿ. ವರ್ಗಾವಣೆ ಆದೇಶ, ಬಡ್ತಿ ಪತ್ರ, ಮೆಚ್ಚುಗೆ ಪತ್ರ ತೆಗೆದು ನೋಡಿ. ಕಾಗದ ಇಲ್ಲದಿದ್ದರೆ ಅಂಕಿ ಬಿಟ್ಟು ಕೆಲಸವನ್ನಷ್ಟೇ ಬರೆಯಿರಿ. ಎಲ್ಲ ಮೊದಲೇ ಸರಿಯಾಗಿದ್ದ ಕಡೆ ಈ ಪ್ರಶ್ನೆ ನಡೆಯುವುದಿಲ್ಲ. ಅಲ್ಲಿ, "ನೀವು ರಜೆ ಹಾಕಿದಾಗ ಯಾವ ಕೆಲಸ ನಿಲ್ಲುತ್ತಿತ್ತು?" ಅಂತ ಕೇಳಿ.