ಹಳೆ ಯಂತ್ರವೋ ಹೊಸದೋ: ತೆರಿಗೆ ಕಳೆದ ವ್ಯತ್ಯಾಸವನ್ನು ನಾನು ಲೆಕ್ಕ ಹಾಕುವ ರೀತಿ

ಯಂತ್ರ ಬದಲಾಯಿಸುವ ಪ್ರಸ್ತಾವ ಬಂದಾಗ ಹೊಸ ಯಂತ್ರ ಎಷ್ಟು ಲಾಭ ತರುತ್ತದೆ ಎಂದು ನಾನು ಕೇಳುವುದಿಲ್ಲ. ಹಳೆಯದನ್ನು ಇಟ್ಟುಕೊಂಡರೆ ಕೈಗೆ ಬರುವ ನಗದಿಗೂ ಹೊಸದನ್ನು ತಂದರೆ ಬರುವ ನಗದಿಗೂ ತೆರಿಗೆ ಕಳೆದ ಮೇಲೆ ಎಷ್ಟು ಅಂತರವಿದೆ ಎಂಬುದಷ್ಟೇ ಪ್ರಶ್ನೆ. ಎರಡೂ ದಾರಿಯಲ್ಲಿ ಒಂದೇ ಆಗಿರುವ ಮೊತ್ತ, ಅಂದರೆ ಕಟ್ಟಡದ ಬಾಡಿಗೆ, ಮೇಲ್ವಿಚಾರಕರ ಸಂಬಳ, ಹಳೆ ಯಂತ್ರಕ್ಕೆ ಅಂದು ಕೊಟ್ಟ ಬೆಲೆ, ಹೋದ ವರ್ಷದ ರಿಪೇರಿ ಬಿಲ್ಲು, ಇವು ಯಾವುವೂ ಹಾಳೆಗೆ ಬರುವುದಿಲ್ಲ.

ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರದ ಲೆಕ್ಕ ನೋಡೋಣ. ಅಂಕಿಗಳು ವಿವರಣೆಗೆಂದು ಇಟ್ಟವು, ಎಲ್ಲವೂ ಲಕ್ಷಗಳಲ್ಲಿ. ಹಳೆಯ ಹೈಡ್ರಾಲಿಕ್ ಯಂತ್ರದ ಪುಸ್ತಕ ಮೌಲ್ಯ 6, ಇನ್ನು 4 ವರ್ಷ ಓಡಬಲ್ಲದು, ವರ್ಷಕ್ಕೆ 1.5 ಸವಕಳಿ. ಇಂದು ಮಾರಿದರೆ 4 ಸಿಗುತ್ತದೆ, 4 ವರ್ಷದ ನಂತರ 1. ಹೊಸ ಸರ್ವೋ ಯಂತ್ರದ ಬೆಲೆ 18, ಸಾಗಣೆ ಮತ್ತು ಅಳವಡಿಕೆಗೆ 2. ಈ 20ನ್ನು 4 ವರ್ಷದಲ್ಲಿ ಸಮನಾಗಿ, ವರ್ಷಕ್ಕೆ 5ರಂತೆ, ಸವಕಳಿ ಬರೆಯಬಹುದು. ಕೊನೆಯಲ್ಲಿ ಮಾರಿದರೆ 5 ಬರುತ್ತದೆ. ಹೊಸ ಯಂತ್ರದ ಬಿಡಿಭಾಗಗಳ ದಾಸ್ತಾನಿಗೆ 0.5 ಹೆಚ್ಚಾಗಿ ಕಟ್ಟಿಹಾಕಬೇಕು. ವರ್ಷದ ಓಡಿಸುವ ಖರ್ಚು ಹಳೆಯದರಲ್ಲಿ 11, ಹೊಸದರಲ್ಲಿ 5.5. ತೆರಿಗೆ ದರ ಶೇ. 30, ಬಂಡವಾಳದ ದರ ತೆರಿಗೆ ಕಳೆದು ಶೇ. 12.

ಮೊದಲು ಇಂದಿನ ದಿನದ ಹಣ. ಹಳೆಯದನ್ನು 4ಕ್ಕೆ ಮಾರಿದರೆ ಪುಸ್ತಕದ ಪ್ರಕಾರ 2 ನಷ್ಟ. ಆ ನಷ್ಟದಿಂದ ತೆರಿಗೆ 0.6 ಕಡಿಮೆಯಾಗುತ್ತದೆ, ಆದ್ದರಿಂದ ಮಾರಾಟದ ನಿಜವಾದ ನಗದು 4.6. ಪುಸ್ತಕ ಮೌಲ್ಯಕ್ಕಿಂತ ಹೆಚ್ಚಿಗೆ ಮಾರಿದ್ದರೆ ಇದೇ ಸಾಲು ತಿರುಗಿ ತೆರಿಗೆಯ ಹೊರೆಯಾಗುತ್ತಿತ್ತು. ಈ 0.6 ಬರಬೇಕಾದರೆ ಸಂಸ್ಥೆಗೆ ಬೇರೆ ಕಡೆಯಿಂದ ತೆರಿಗೆ ಕಟ್ಟುವಷ್ಟು ಲಾಭ ಇರಬೇಕು ಎಂಬುದು ನೆನಪಿರಲಿ. ಒಟ್ಟಿನಲ್ಲಿ ಇಂದು ಹೊರಹೋಗುವುದು 20 + 0.5 − 4.6 = 15.9.

ನಂತರ ಪ್ರತಿ ವರ್ಷದ ಹಣ. ಉಳಿತಾಯ 5.5, ತೆರಿಗೆ ಕಳೆದರೆ 3.85. ಸವಕಳಿ ನಗದಲ್ಲ, ಆದರೆ ಅದು ತೆರಿಗೆಯನ್ನು ಇಳಿಸುತ್ತದೆ. ಇಲ್ಲಿ ಬಹಳ ಜನ ಹೊಸ ಯಂತ್ರದ ಪೂರ್ತಿ 5ರ ಮೇಲೆ ತೆರಿಗೆ ಉಳಿತಾಯ ಹಾಕಿಬಿಡುತ್ತಾರೆ. ಹಳೆಯದನ್ನು ಮಾರಿದ ಮೇಲೆ ಅದರ 1.5 ಸವಕಳಿ ಕೈತಪ್ಪುತ್ತದೆಯಲ್ಲ? ಹೆಚ್ಚುವರಿ ಸವಕಳಿ 3.5 ಮಾತ್ರ, ಅದರಿಂದ ಉಳಿಯುವ ತೆರಿಗೆ 1.05. ವರ್ಷದ ಹರಿವು 4.9. ಪೂರ್ತಿ 5 ಹಿಡಿದರೆ ವರ್ಷಕ್ಕೆ 0.45 ಸುಳ್ಳು ನಗದು ಸೇರಿ, ಕೊನೆಯ ಉತ್ತರ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ.

ನಾಲ್ಕನೇ ವರ್ಷದ ಕೊನೆಗೆ ಹೊಸದರ ಮಾರಾಟದಿಂದ 5 ಬರುತ್ತದೆ. ಪುಸ್ತಕ ಮೌಲ್ಯ ಆಗ ಸೊನ್ನೆಯಾದ್ದರಿಂದ ಪೂರ್ತಿ ಮೊತ್ತಕ್ಕೆ ತೆರಿಗೆ ಬಿದ್ದು 3.5 ಉಳಿಯುತ್ತದೆ. ಹಳೆಯದನ್ನು ಇಟ್ಟುಕೊಂಡಿದ್ದರೆ ಆಗ ಸಿಗುತ್ತಿದ್ದ 1ರಲ್ಲಿ ತೆರಿಗೆ ಕಳೆದು 0.7 ಉಳಿಯುತ್ತಿತ್ತು, ಅದನ್ನು ಕಳೆಯಬೇಕು. ಬಿಡಿಭಾಗಗಳ ದಾಸ್ತಾನಿನ 0.5 ವಾಪಸ್. ಇದಕ್ಕೆ ತೆರಿಗೆಯಿಲ್ಲ, ಹಾಕಿದ ಹಣವೇ ಮರಳುತ್ತಿದೆ. ಒಟ್ಟು 3.3. ಹಾಗಾಗಿ ಕೊನೆಯ ವರ್ಷದ ಹರಿವು 8.2.

ಸ್ಪ್ರೆಡ್‌ಶೀಟಿನಲ್ಲಿ C2ರಲ್ಲಿ -15.9, C3ರಿಂದ C5ರವರೆಗೆ 4.9, C6ರಲ್ಲಿ 8.2 ತುಂಬಿ ಹೀಗೆ ಬರೆಯುತ್ತೇನೆ:

```
=C2+NPV(12%,C3:C6)
```

ಈ ಫಂಕ್ಷನ್ ಮೊದಲ ಅಂಕಿಯನ್ನು ಒಂದನೇ ವರ್ಷದ ಕೊನೆಯದೆಂದು ಭಾವಿಸುತ್ತದೆ, ಅದಕ್ಕೇ ಇಂದಿನ ಮೊತ್ತವನ್ನು ಹೊರಗಿಟ್ಟಿದ್ದು. ಉತ್ತರ 1.08, ಅಂದರೆ ಇಂದಿನ ಬೆಲೆಯಲ್ಲಿ ಹೊಸ ಯಂತ್ರ ಅಷ್ಟು ಮೇಲು. ಸಾಲದ ಬಡ್ಡಿ ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಶೇ. 12ರ ಒಳಗೇ ಇದೆ, ಹರಿವಿನಲ್ಲೂ ಕಳೆದರೆ ಎರಡು ಸಲ ಕಳೆದಂತೆ.

ಉತ್ತರ ನಂಬುವ ಮೊದಲು ಎರಡು ದಾರಿಗಳನ್ನೂ ಬೇರೆ ಬೇರೆಯಾಗಿ ಹಾಕಿ ನೋಡುವುದು ನನ್ನ ರೂಢಿ. ಹಳೆಯದನ್ನೇ ಓಡಿಸಿದರೆ ವರ್ಷಕ್ಕೆ 7.7 ಹೋಗಿ ಸವಕಳಿಯಿಂದ 0.45 ಬರುತ್ತದೆ, ಕೊನೆಗೆ 0.7. ಇಂದಿನ ಬೆಲೆಯಲ್ಲಿ ಒಟ್ಟು ಖರ್ಚು 21.58. ಹೊಸದಕ್ಕೆ ಇಂದು 15.9, ವರ್ಷಕ್ಕೆ 3.85 ಹೋಗಿ 1.5 ಬರುತ್ತದೆ, ಕೊನೆಗೆ 4. ಒಟ್ಟು ಖರ್ಚು 20.50. ಅಂತರ ಅದೇ 1.08. ಇವೆರಡು ತಾಳೆಯಾಗದಿದ್ದರೆ ಹೆಚ್ಚಿನ ಸಲ ಹಳೆ ಯಂತ್ರದ ಸವಕಳಿಯೋ ಕೊನೆಯ ಮಾರಾಟವೋ ಒಂದು ಕಡೆ ಬಿಟ್ಟುಹೋಗಿರುತ್ತದೆ.

ಅಂಕಗಣಿತ ಇಷ್ಟೇ. ತೀರ್ಮಾನ ನಿಂತಿರುವುದು ವರ್ಷದ ಉಳಿತಾಯವೆಂದು ಹಿಡಿದ ಆ 5.5ರ ಮೇಲೆ. ಅದು 5ಕ್ಕೆ ಇಳಿದರೆ 1.08 ಹೆಚ್ಚುಕಡಿಮೆ ಪೂರ್ತಿ ಕರಗುತ್ತದೆ. ಅದಕ್ಕೇ ಆ ಮೊತ್ತವನ್ನು ಬಿಡಿಸಿ ನೋಡುತ್ತೇನೆ: ವಿದ್ಯುತ್ 1.8, ಹಾಳಾಗುವ ಮಾಲು 1.2, ರಿಪೇರಿ 1, ಕೂಲಿ 1.5.

ವಿದ್ಯುತ್ತಿನ ಅಂಕಿಯನ್ನು ಮಾರುವವರ ಕೈಪಿಡಿಯಿಂದ ತೆಗೆದುಕೊಳ್ಳಬಾರದು. ಹಳೆ ಯಂತ್ರಕ್ಕೆ ಪ್ರತ್ಯೇಕ ಮೀಟರ್ ಹಾಕಿ, ಒಂದು ಕಿಲೋ ಒಳ್ಳೆಯ ಮಾಲಿಗೆ ಎಷ್ಟು ಯೂನಿಟ್ ಹೋಗುತ್ತದೆ ಎಂದು ಅಳೆಯಬೇಕು. ನಮ್ಮದೇ ಅಚ್ಚನ್ನು, ಅದೇ ಸೈಕಲ್ ಸಮಯದಲ್ಲಿ, ಹೊಸ ಯಂತ್ರದ ಮೇಲೆ ಓಡಿಸಿ ತೋರಿಸಿ ಎಂದು ಕೇಳಬೇಕು. ಸರ್ವೋ ಯಂತ್ರದ ಉಳಿತಾಯ ಬರುವುದು ಹೆಚ್ಚಾಗಿ ಮಾಲು ತಣಿಯುವ ಹೊತ್ತಿನಲ್ಲಿ. ಹಳೆಯದರ ಪಂಪು ಆಗಲೂ ತಿರುಗುತ್ತಿರುತ್ತದೆ, ಹೊಸದರದ್ದು ನಿಧಾನವಾಗುತ್ತದೆ ಇಲ್ಲವೆ ನಿಲ್ಲುತ್ತದೆ. ತೆಳು ಗೋಡೆಯ, ಬೇಗ ತಣಿಯುವ ಮಾಲಾದರೆ ಆ ಉಳಿತಾಯ ಕೈಪಿಡಿಯಲ್ಲಿ ಹೇಳಿದಷ್ಟು ಬರುವುದಿಲ್ಲ.

ಕೂಲಿಯ ಸಾಲಿನ ಬಗ್ಗೆ ನನಗೆ ಸದಾ ಅನುಮಾನ. ಒಬ್ಬ ಆಪರೇಟರ್ ಬೇಡವಾಗುತ್ತಾನೆ ಎಂದು ಬರೆದಿರುತ್ತಾರೆ, ಅವನನ್ನು ಪಕ್ಕದ ಸಾಲಿಗೆ ಹಾಕುತ್ತೇವೆ ಎಂದೂ ಹೇಳುತ್ತಾರೆ. ಪಕ್ಕದ ಸಾಲಿನಲ್ಲಿ ಹೊಸಬನೊಬ್ಬನನ್ನು ತೆಗೆದುಕೊಳ್ಳಬೇಕಾಗಿದ್ದು ಅದು ತಪ್ಪಿದರೆ ಸರಿ, 1.5 ನಿಜವಾದ ಉಳಿತಾಯ. ಇಲ್ಲವಾದರೆ ಸಂಬಳದ ಪಟ್ಟಿ ಹಾಗೇ ಇರುತ್ತದೆ, ಉಳಿತಾಯ ಸೊನ್ನೆ. ಆಗ ವಾರ್ಷಿಕ ಹರಿವು 3.85ಕ್ಕೆ ಇಳಿದು ಉತ್ತರ −2.11 ಆಗುತ್ತದೆ. ಹೊಸ ಯಂತ್ರ ಗಂಟೆಗೆ ಹೆಚ್ಚು ಮಾಲು ಕೊಡುತ್ತದೆ ಎಂಬ ಮಾತಿಗೂ ಇದೇ ಪರೀಕ್ಷೆ: ಆ ಹೆಚ್ಚಿನ ಮಾಲಿಗೆ ಕೊಳ್ಳುವವರಿಲ್ಲದಿದ್ದರೆ ಒಂದು ಕಾಸೂ ಬರೆಯುವಂತಿಲ್ಲ.

ಇನ್ನೊಂದು ಮೆದು ಅಂಕಿ ಕೊನೆಯ ಮಾರಾಟದ 5. ಹೊಸ ಯಂತ್ರ 4 ವರ್ಷಕ್ಕೆ ಸಾಯುವುದಿಲ್ಲ. ಎರಡಕ್ಕೂ ಒಂದೇ ಅವಧಿ ಬೇಕಾದ್ದರಿಂದ ಹಳೆಯದರ ಆಯುಸ್ಸಿಗೆ ಕತ್ತರಿಸಿದ್ದೇವೆ, ಉಳಿದ ಆಯುಸ್ಸಿನ ಬೆಲೆಯೆಲ್ಲ ಆ 5ರಲ್ಲಿ ಕೂತಿದೆ. ಅಷ್ಟೇ ವಯಸ್ಸಾದ ಯಂತ್ರಗಳು ಈಗ ಎಷ್ಟಕ್ಕೆ ಕೈ ಬದಲಾಗುತ್ತಿವೆ ಎಂದು ವಿಚಾರಿಸಿಯೇ ಇದನ್ನು ಬರೆಯಬೇಕು. 5ರ ಬದಲು 3 ಎಂದರೆ ಉತ್ತರ 0.19, ಹೆಚ್ಚುಕಡಿಮೆ ಸಮಸಮ.

ಕೊನೆಗೆ ತೆರಿಗೆಯ ಪದ್ಧತಿ. ಮೇಲಿನ 0.6 ಪ್ರತಿ ಯಂತ್ರಕ್ಕೂ ಬೇರೆ ಲೆಕ್ಕ ಇರುವಲ್ಲಿ ಮಾತ್ರ ಕೂಡಲೇ ಸಿಗುತ್ತದೆ. ಯಂತ್ರಗಳನ್ನೆಲ್ಲ ಒಂದು ಗುಂಪಾಗಿ ಹಿಡಿದು ಸವಕಳಿ ಕೊಡುವ ಪದ್ಧತಿಯಲ್ಲಿ ಮಾರಿದ 4 ಗುಂಪಿನ ಮೌಲ್ಯದಿಂದ ಕಳೆದುಹೋಗುತ್ತದೆ, ಉಳಿದ 2 ಗುಂಪಿನೊಳಗೇ ಇದ್ದು ವರ್ಷವರ್ಷವೂ ಸ್ವಲ್ಪಸ್ವಲ್ಪ ಸವಕಳಿಯಾಗುತ್ತದೆ. ಅಲ್ಲಿ ಇಂದಿನ ಹೊರಹರಿವು 16.5 ಆಗುತ್ತದೆ. ಹೆಚ್ಚುವರಿ ಸವಕಳಿಯನ್ನು 20ರಲ್ಲಿ 4 ಕಳೆದ 16ರ ಮೇಲೆ, ಗುಂಪಿನ ದರದಂತೆ, ವರ್ಷಕ್ಕೊಂದು ಸಾಲಾಗಿ ಬರೆಯಬೇಕು. ಕೊನೆಯ 5 ಮತ್ತು 1ರ ಮಾರಾಟಕ್ಕೂ ಅದೇ ಕ್ರಮ.