ಔಷಧಿ ಹಾಕಿದ ಮೇಲೆ ಬ್ಯಾಂಡ್ ದಪ್ಪಗಾಯಿತು

ಪುಣೆಯ ಲ್ಯಾಬೊಂದರಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಕುವುದು ನನ್ನ ಕೆಲಸ. ಆ ವಾರ ಗಣಪತಿ ವಿಸರ್ಜನೆ. ಹೊರಗೆ ಢೋಲ್ ತಾಶಾ, ಒಳಗೆ ನಾನು ಕೋಶಗಳಿಗೆ ಉಪವಾಸ ಹಾಕಿ ಕೂತಿದ್ದೆ. ಉಪವಾಸ ಅಂದರೆ ಸೀರಮ್ ಇಲ್ಲದ ಮೀಡಿಯಾದಲ್ಲಿ ಒಂದು ರಾತ್ರಿ. ಸೀರಮ್‌ನಲ್ಲೇ ಬೆಳೆಸುವ ಅಂಶಗಳಿರುವುದರಿಂದ ಅದನ್ನು ತೆಗೆಯದೆ ಸಿಗ್ನಲ್ ಅಳೆಯಲು ಹೋದರೆ ಬ್ಲಾಟ್‌ನಲ್ಲಿ, ಅಂದರೆ ಕೋಶದ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ಹಾಳೆಯಲ್ಲಿ, ಒಂದೊಂದು ಮಾದರಿ ಓಡುವ ಎಲ್ಲ ಲೇನೂ ಒಂದೇ ಥರ ಕಾಣುತ್ತವೆ.

ಮೊದಲು ಹೀಲಾ ಎಂಬ ಕ್ಯಾನ್ಸರ್ ಕೋಶಗಳಿಗೆ ಇಜಿಎಫ್ ಎಂಬ ಬೆಳೆಸುವ ಅಂಶ ಕೊಟ್ಟೆ, ಮಿಲಿಲೀಟರಿಗೆ 100 ನ್ಯಾನೋಗ್ರಾಂ. ಇಜಿಎಫ್ ಬಂದು ಕೂತಾಗ ಪೊರೆಯ ಮೇಲಿನ ಎರಡು ರಿಸೆಪ್ಟರ್‌ಗಳು ಜೋಡಿಯಾಗಿ, ಒಂದು ಇನ್ನೊಂದರ ಟೈರೋಸಿನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಆ ಗುರುತು ಹಿಡಿದು ಗ್ರಬ್2 ಎಂಬ ಪ್ರೋಟೀನ್ ಬರುತ್ತದೆ. ಮುಂದೆ ಬರುವ ಹೆಸರುಗಳೂ ಪ್ರೋಟೀನ್‌ಗಳವೇ, ಒಂದು ಇನ್ನೊಂದನ್ನು ಎಬ್ಬಿಸುವ ಸರಪಳಿ. ಗ್ರಬ್2 ಬರುತ್ತದೆ, ಜೊತೆಗೆ ಎಸ್‌ಒಎಸ್ ಅನ್ನೂ ಕರೆತರುತ್ತದೆ. ಎಸ್‌ಒಎಸ್ ಪಕ್ಕದ ರ‍್ಯಾಸ್‌ನಿಂದ ಜಿಡಿಪಿ ಎಂಬ ಪುಟ್ಟ ಅಣುವನ್ನು ಬಿಡಿಸಿದರೆ ಆ ಜಾಗಕ್ಕೆ ಜಿಟಿಪಿ ಬಂದು ಕೂರುತ್ತದೆ. ಜಿಟಿಪಿ ಹಿಡಿದ ರ‍್ಯಾಸ್ ರ‍್ಯಾಫ್ ಅನ್ನು ಪೊರೆಗೆ ಎಳೆದು ಜೋಡಿ ಮಾಡಿಸುತ್ತದೆ. ರ‍್ಯಾಫ್ ಮೆಕ್ ಅನ್ನು, ಮೆಕ್ ಅರ್ಕ್ ಅನ್ನು ಎಬ್ಬಿಸುತ್ತದೆ. ನಾವು ಬ್ಲಾಟ್‌ನಲ್ಲಿ ನೋಡುವುದು ಈ ಕೊನೆಯವನನ್ನೇ: ಫಾಸ್ಫೇಟ್ ಹತ್ತಿದ ಅರ್ಕ್, 44 ಮತ್ತು 42 ಕಿಲೋಡಾಲ್ಟನ್‌ನಲ್ಲಿ ಎರಡು ಗೆರೆ. ಈ ಗೆರೆಗೇ ಬ್ಯಾಂಡ್ ಅನ್ನುವುದು.

ಸೊನ್ನೆ ನಿಮಿಷಕ್ಕೆ ಲೇನ್ ಖಾಲಿ, 5 ನಿಮಿಷಕ್ಕೆ ಗಾಢ, ಒಂದು ಗಂಟೆಗೆ ಬಹುತೇಕ ಮಾಸಿತ್ತು. ರ‍್ಯಾಸ್ ತಾನು ಹಿಡಿದ ಜಿಟಿಪಿಯನ್ನು ತಾನೇ ಕತ್ತರಿಸಿ ಆರುತ್ತದೆ, ಫಾಸ್ಫಟೇಸ್ ಎಂಬ ಬೇರೆ ಪ್ರೋಟೀನ್‌ಗಳು ಅರ್ಕ್‌ನ ಫಾಸ್ಫೇಟನ್ನೂ ಕೀಳುತ್ತವೆ. ಆ ಫಾಸ್ಫಟೇಸ್‌ಗಳು ಕೋಶ ಒಡೆದ ಮೇಲೂ ಸುಮ್ಮನಿರುವುದಿಲ್ಲ. ಒಮ್ಮೆ ಕೋಶ ಒಡೆಯುವ ಬಫರ್‌ಗೆ ಅವನ್ನು ತಡೆಯುವ ವನಾಡೇಟ್, ಫ್ಲೋರೈಡ್ ಹಾಕುವುದು ಮರೆತು ನಾಲ್ಕೂ ಲೇನ್ ಖಾಲಿ ಬಂದಿದ್ದವು. ಒಟ್ಟು ಅರ್ಕ್‌ನ ಬ್ಯಾಂಡ್ ಮಾತ್ರ ಸರಿಯಾಗಿಯೇ ಇತ್ತು, ಹಾಗಾಗಿ ಪ್ರೋಟೀನ್ ಅಲ್ಲ, ಫಾಸ್ಫೇಟ್ ಹೋಗಿದೆ ಎಂದು ತಿಳಿಯಿತು.

ಅಸಲು ಪ್ರಯೋಗ ಎರಡು ಕೋಶಗಳದ್ದು. ಎ375 ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನದು. ಅದರಲ್ಲಿ ಬಿ-ರ‍್ಯಾಫ್‌ನ 600ನೇ ವ್ಯಾಲಿನ್ ಗ್ಲುಟಮೇಟ್ ಆಗಿದೆ. ಹೀಗೆ ಬದಲಾದ ರ‍್ಯಾಫ್ ಜೋಡಿಯಿಲ್ಲದೆ, ರ‍್ಯಾಸ್ ಕರೆಯದೆ ಒಂಟಿಯಾಗಿಯೇ ದುಡಿಯುತ್ತದೆ. ಎಚ್‌ಸಿಟಿ116 ದೊಡ್ಡ ಕರುಳಿನದು. ಅದರಲ್ಲಿ ಕೆ-ರ‍್ಯಾಸ್‌ನ 13ನೇ ಗ್ಲೈಸಿನ್ ಬದಲಾಗಿ, ಜಿಟಿಪಿ ಕತ್ತರಿಸುವ ಕೆಲಸ ಹಾಳಾಗಿದೆ. ಎರಡಕ್ಕೂ ರ‍್ಯಾಫ್ ತಡೆಯುವ ವೆಮುರಾಫೆನಿಬ್, 1 ಮೈಕ್ರೋಮೋಲಾರ್, ಒಂದು ಗಂಟೆ.

ಎ375ನಲ್ಲಿ ಬ್ಯಾಂಡ್ ಅಳಿಸಿಹೋಗಿತ್ತು. ಎಚ್‌ಸಿಟಿ116ನಲ್ಲಿ ಔಷಧಿ ಹಾಕಿದ ಲೇನೇ ಹಾಕದ್ದಕ್ಕಿಂತ ದಪ್ಪ.

ಜೊತೆಗಿದ್ದ ವಿಜಯಪುರದ ಹುಡುಗ ಸ್ಕ್ರೀನ್ ನೋಡಿ, "ಅಕ್ಕಾ, ಟ್ಯೂಬ್ ಅದಲಿಬದಲಿ ಆಗ್ಯಾವೇನ್ರೀ?" ಅಂದ. ನನಗೂ ಅದೇ ಅನುಮಾನ. ಹೊಸ ಕೋಶ, ಹೊಸ ಔಷಧಿ, ಲೇಬಲ್ ಅವನ ಕೈಯಲ್ಲೇ ಬರೆಸಿ ಮತ್ತೆ ಮಾಡಿದೆವು. ಮತ್ತೆ ದಪ್ಪ. ಮೂರನೇ ಸಲ ಒಂದು ಲೇನ್ ಸೇರಿಸಿದೆ: ಮೆಕ್ ಅನ್ನು ತಡೆಯುವ ಟ್ರಾಮೆಟಿನಿಬ್. ಅದು ಎರಡೂ ಕೋಶಗಳಲ್ಲಿ ಬ್ಯಾಂಡ್ ಅಳಿಸಿತು. ಅಂದರೆ ಆ್ಯಂಟಿಬಾಡಿ ಸುಳ್ಳು ಹೇಳುತ್ತಿಲ್ಲ, ಸಿಗ್ನಲ್ ಮೆಕ್ ಮೂಲಕವೇ ಬರುತ್ತಿದೆ, ಏರಿಕೆ ಹುಟ್ಟುತ್ತಿರುವುದು ಅದಕ್ಕಿಂತ ಮೇಲೆ.

ಕಾರಣ 2010ರಲ್ಲೇ ಪ್ರಕಟವಾಗಿತ್ತು, ನಾನು ಓದಿಯೂ ಇದ್ದೆ. ಓದಿದ್ದು ಕಣ್ಣೆದುರು ಬಂದಾಗ ಗುರುತು ಸಿಗಲಿಲ್ಲ, ಅಷ್ಟೇ. ಎಚ್‌ಸಿಟಿ116ನಲ್ಲಿ ರ‍್ಯಾಸ್ ಸದಾ ಉರಿಯುತ್ತಲೇ ಇರುವುದರಿಂದ ರ‍್ಯಾಫ್‌ಗಳು ಜೋಡಿಯಾಗಿಯೇ ಇರುತ್ತವೆ. ಔಷಧಿ ಜೋಡಿಯ ಒಂದರೊಳಗೆ ಕೂತಾಗ ಅದರ ಆಕಾರ ಬದಲಾಗಿ, ಪಕ್ಕದ ಖಾಲಿ ರ‍್ಯಾಫ್ ಜೋರಾಗಿ ಕೆಲಸಕ್ಕಿಳಿಯುತ್ತದೆ. ಆ ಎರಡನೆಯದಕ್ಕೆ ಔಷಧಿ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಎ375ನ ಒಂಟಿ ರ‍್ಯಾಫ್‌ಗೆ ಪಕ್ಕದವನೇ ಇಲ್ಲ, ಔಷಧಿ ಕೂತರೆ ಕೆಲಸ ಮುಗಿಯಿತು.

ಹುಡುಗ ಇನ್ನೊಂದು ಕೇಳಿದ: ರ‍್ಯಾಸ್ ಸದಾ ಉರಿಯುತ್ತಿದ್ದರೆ ಔಷಧಿ ಇಲ್ಲದ ಲೇನ್ ಅಷ್ಟು ತೆಳು ಯಾಕೆ? ಒಳ್ಳೆಯ ಪ್ರಶ್ನೆ. ಅರ್ಕ್ ಹೆಚ್ಚು ಹೊತ್ತು ದುಡಿದರೆ ತನ್ನನ್ನೇ ಆರಿಸುವ ಫಾಸ್ಫಟೇಸ್‌ಗಳನ್ನು ಹೆಚ್ಚಿಸುತ್ತದೆ, ಸರಪಳಿಯಲ್ಲಿ ತನಗಿಂತ ಮೇಲಿನವರ ಕಾಲನ್ನೂ ಎಳೆಯುತ್ತದೆ. ಹಾಗಾಗಿ ಬರೀ ಬ್ಯಾಂಡ್‌ನ ದಪ್ಪ ನೋಡಿ ಯಾವುದು ಮ್ಯುಟೆಂಟ್ ಎಂದು ಹೇಳಲು ಹೋಗಬಾರದು. ಸೀರಮ್ ತೆಗೆದ ಮೇಲೂ ಸಿಗ್ನಲ್ ಉಳಿಯುತ್ತದೆಯೇ ಎಂದು ನೋಡಬೇಕು, ಡಿಎನ್‌ಎ ಓದಿಸಬೇಕು.

ಇದು ಪ್ಲೇಟಿನಲ್ಲಷ್ಟೇ ಆಗುವುದಲ್ಲ. ವೆಮುರಾಫೆನಿಬ್ ತೆಗೆದುಕೊಂಡ ಮೆಲನೋಮಾ ರೋಗಿಗಳಲ್ಲಿ ಕೆಲವರಿಗೆ ಚರ್ಮದ ಬೇರೆ ಕಡೆ ಸ್ಕ್ವಾಮಸ್ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಗಂಟುಗಳು ಎದ್ದವು. ಅವುಗಳಲ್ಲಿ ಹಲವಕ್ಕೆ ಮೊದಲೇ ರ‍್ಯಾಸ್ ಮ್ಯುಟೇಶನ್ ಇತ್ತು. ಔಷಧಿ ಅವನ್ನು ನಮ್ಮ ಎಚ್‌ಸಿಟಿ116 ಲೇನಿನ ಹಾಗೆಯೇ ಎಬ್ಬಿಸಿತ್ತು. ಮೆಕ್ ತಡೆಯುವ ಔಷಧಿಯನ್ನೂ ಜೊತೆಗೆ ಕೊಟ್ಟಾಗ ಈ ಗಂಟುಗಳು ಕಡಿಮೆಯಾದವು.

ಈಗ ಯಾವ ಹೊಸ ರ‍್ಯಾಫ್ ಔಷಧಿ ಬಂದರೂ ಮೊದಲ ಬ್ಲಾಟ್‌ನಲ್ಲೇ ಎಚ್‌ಸಿಟಿ116 ಹಾಕುತ್ತೇನೆ, ಪಕ್ಕದಲ್ಲಿ ಟ್ರಾಮೆಟಿನಿಬ್ ಲೇನ್. ಲೇಬಲ್ ಮಾತ್ರ ಇವತ್ತಿಗೂ ಹುಡುಗನೇ ಬರೆಯುತ್ತಾನೆ.